ಸ್ಟಾರ್ ಕೇಳೋಕೂ ಒಂದು ಹೊತ್ತು ಬೇಕು

ಅಡಿಕೆ ಧಾರಣೆ ತೋರಿಸೋಕೆ ನಾವು ಮೂರು ಜನ ಸೇರಿ ಒಂದು ಪುಟ್ಟ ಆ್ಯಪ್ ಮಾಡಿದ್ದೆವು. ಇಬ್ಬರು ವರದಿಗಾರರು, ಕೋಡ್ ಬರೆಯಲು ಬರುವವನು ಒಬ್ಬ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಒಂದೊಂದರ ಅಂದಿನ ದರ ಹಾಕುತ್ತಿದ್ದೆವು. ಕೆಳಗೆ ಮಾರಾಟದ ಲೆಕ್ಕ ಬರೆದಿಡಲು ಒಂದು ಪುಟ. ಅಷ್ಟೇ.

ಐದಾರು ತಿಂಗಳಲ್ಲಿ ಪ್ಲೇ ಸ್ಟೋರಿನಲ್ಲಿ 40 ರೇಟಿಂಗ್ ಬಂದಿದ್ದವು, ಸರಾಸರಿ 4.5. ನಾವು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಇನ್ನೂ ಬರುತ್ತವೆ ಅನ್ನೋ ಆಸೆ ಹುಟ್ಟಿದ್ದೇ ತಪ್ಪಿನ ಶುರು. ಮೂರನೇ ಸಲ ಆ್ಯಪ್ ತೆರೆದ ಕೂಡಲೇ ತೆರೆಯ ತುಂಬ ಒಂದು ಪೆಟ್ಟಿಗೆ ಬರುವಂತೆ ಮಾಡಿದೆವು: ‘ಆ್ಯಪ್ ಇಷ್ಟ ಆಯ್ತಾ?’ ಹೌದು ಅಂದವರು ಪ್ಲೇ ಸ್ಟೋರಿಗೆ, ಇಲ್ಲ ಅಂದವರು ನಮ್ಮ ಇಮೇಲಿಗೆ. ಭಾರೀ ಬುದ್ಧಿವಂತಿಕೆ ಅಂದುಕೊಂಡಿದ್ದೆವು.

ಒಂದು ವಾರಕ್ಕೆ ತೀರ್ಥಹಳ್ಳಿ ಕಡೆಯ ಯಜಮಾನರೊಬ್ಬರು ಫೋನ್ ಮಾಡಿದರು.

‘ಅಲ್ಲ ಮಾರಾಯಾ, ವ್ಯಾಪಾರಿ ಅಂಗಳದಲ್ಲಿ ನಿಂತಿದಾನೆ, ರೇಟು ನೋಡಣ ಅಂತ ತೆಗೆದ್ರೆ ನಿಮ್ಮದು ಇಷ್ಟ ಆಯ್ತಾ ಅಂತ ಕೇಳ್ತದೆ. ಹೌದು ಅಂತ ಒತ್ತಿದೆ. ಅದು ಎಲ್ಲಿಗೋ ಹೋಯ್ತು.’

ಅದು ಹೋದದ್ದು ಪ್ಲೇ ಸ್ಟೋರಿಗೆ. ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಸ್ಟೋರ್ ತೆರೆದುಕೊಳ್ಳಲಿಲ್ಲ, ವಾಪಸ್ ಬಂದರೆ ಆ್ಯಪ್ ಮೊದಲಿಂದ ಶುರುವಾಗಿ ದರವೂ ಬರಲಿಲ್ಲ. ವ್ಯಾಪಾರಿ ಅವಸರ ಮಾಡಿದ, ಇವರು ಒಪ್ಪಿಬಿಟ್ಟರು. ಸಂಜೆ ನೋಡಿದರೆ ಅವತ್ತಿನ ದರ ಕ್ವಿಂಟಾಲಿಗೆ 600 ರೂಪಾಯಿ ಜಾಸ್ತಿ ಇತ್ತು. ‘ನೀವು ಕೇಳಿದ್ದು ತಪ್ಪಲ್ಲ ತಮ್ಮಾ, ಕೇಳಿದ ಹೊತ್ತು ಸರಿ ಇಲ್ಲ’ ಅಂದರು. ನಮಗೆ ಮಾತು ಹೊರಡಲಿಲ್ಲ.

ಅವರು ಫೋನ್ ಮಾಡಿದರು, ಉಳಿದವರು ಸ್ಟಾರ್ ಕೊಟ್ಟರು. ಹದಿನೈದು ದಿನದಲ್ಲಿ ಆರು ಒಂಟಿ ಸ್ಟಾರ್. ಒಬ್ಬರು ‘ರೇಟು ನೋಡೋಕೆ ಬಿಡಿ, ಸ್ಟಾರ್ ಆಮೇಲೆ’ ಅಂತ ಬರೆದಿದ್ದರು. ಲೆಕ್ಕ ಹಾಕಿ ನೋಡಿ. ಮೊದಲಿನ 40 ರೇಟಿಂಗ್‌ಗೆ ಒಟ್ಟು 180 ಸ್ಟಾರ್. ಅದಕ್ಕೆ ಆರು ಸೇರಿ 186, ಅದನ್ನು 46ರಿಂದ ಭಾಗಿಸಿದರೆ 4.0ರ ಆಸುಪಾಸು. ಆದರೆ ಸ್ಟೋರಿನಲ್ಲಿ ಅದಕ್ಕಿಂತ ಕಡಿಮೆ ಕಾಣುತ್ತಿತ್ತು. ಯಾಕೆಂದರೆ ಪ್ಲೇ ಸ್ಟೋರ್ 2019ರಿಂದ ಹಳೇ ರೇಟಿಂಗಿಗಿಂತ ಹೊಸದಕ್ಕೆ ಹೆಚ್ಚು ತೂಕ ಕೊಡುತ್ತದೆ. ಅದರಲ್ಲಿ ಒಂದು ಸಮಾಧಾನವೂ ಇದೆ: ತಪ್ಪು ತಿದ್ದಿಕೊಂಡರೆ ಹಳೇ ಕಹಿ ನಿಧಾನಕ್ಕೆ ಹಗುರಾಗುತ್ತದೆ.

ಪೆಟ್ಟಿಗೆ ತೆಗೆದೆವು. ಆಮೇಲೆ ಕೂತು ಗೂಗಲ್‌ನ ನಿಯಮ ಓದಿದೆವು. ಮೊದಲೇ ಓದಬೇಕಿತ್ತು. ಆ್ಯಪ್ ಬಿಟ್ಟು ಹೋಗದೆ ಅಲ್ಲೇ ಸ್ಟಾರ್ ಒತ್ತುವ ಕಾರ್ಡನ್ನು ಗೂಗಲ್ 2020ರಿಂದ ಕೊಡುತ್ತಿದೆ, ಹೆಸರು In-App Review. ಆ ಕಾರ್ಡಿಗೆ ಮುಂಚೆ ‘ಇಷ್ಟ ಆಯ್ತಾ?’, ‘ಐದು ಸ್ಟಾರ್ ಕೊಡ್ತೀರಾ?’ ಅಂತೆಲ್ಲ ಕೇಳಬೇಡಿ ಅಂತ ಅದರ ನಿಯಮದಲ್ಲೇ ಬರೆದಿದೆ. ಒಪ್ಪಿದವರನ್ನು ಮಾತ್ರ ಅಂಗಡಿ ಮುಂದೆ ನಿಲ್ಲಿಸಿ, ಬೈಯುವವರನ್ನು ಹಿತ್ತಲ ಬಾಗಿಲಿಂದ ಕಳಿಸಿದ ಹಾಗೆ ಅದು. ಸ್ಟಾರ್ ಕೊಟ್ಟರೆ ರೀಚಾರ್ಜ್ ಕೊಡ್ತೇವೆ ಅನ್ನೋದಕ್ಕೂ ಅವಕಾಶವಿಲ್ಲ.

ಆ ಕಾರ್ಡ್ ಹಾಕುವಾಗಲೂ ಒಂದು ಸಲ ಎಡವಿದೆವು. ‘ರೇಟಿಂಗ್ ಕೊಡಿ’ ಅಂತ ಒಂದು ಬಟನ್ ಮಾಡಿ, ಒತ್ತಿದರೆ ಕಾರ್ಡ್ ಬರಲಿ ಅಂತಿಟ್ಟೆವು. ನಮ್ಮ ಫೋನಿನಲ್ಲಿ ಒಂದು ಸಲ ಬಂತು, ಮತ್ತೆ ಒತ್ತಿದರೆ ಇಲ್ಲ. ಕೋಡ್ ಕೆಟ್ಟಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆವು. ಕೆಟ್ಟಿರಲಿಲ್ಲ. ಒಬ್ಬರಿಗೆ ಎಷ್ಟು ಸಲ ಕಾರ್ಡ್ ತೋರಿಸಬೇಕು ಅನ್ನೋ ಮಿತಿ ಗೂಗಲ್ ಕೈಯಲ್ಲಿದೆ. ತಿಂಗಳೊಳಗೆ ಇನ್ನೊಮ್ಮೆ ಕರೆದರೆ ಬಾರದೇ ಇರಬಹುದು. ಆ ಖಾತೆಯಿಂದ ಆಗಲೇ ರೇಟಿಂಗ್ ಹೋಗಿದ್ದರೂ ಬರುವುದಿಲ್ಲ. ಬಂತೋ ಇಲ್ಲವೋ, ಅವರು ಸ್ಟಾರ್ ಕೊಟ್ಟರೋ ಇಲ್ಲವೋ, ಯಾವುದನ್ನೂ ನಮ್ಮ ಆ್ಯಪ್‌ಗೆ ತಿಳಿಸುವುದಿಲ್ಲ. ಹಾಗಾಗಿ ಬಟನ್ ಒತ್ತಿದವರಿಗೆ ಏನೂ ಆಗದಿದ್ದರೆ ಆ್ಯಪೇ ಹಾಳಾಗಿದೆ ಅನ್ನಿಸುತ್ತದೆ. ಈಗ ಬಟನ್ ಒತ್ತಿದರೆ ನೇರ ಪ್ಲೇ ಸ್ಟೋರ್ ಪುಟಕ್ಕೆ ಹೋಗುತ್ತದೆ. ಬೇಕೆಂದೇ ಒತ್ತಿದವರು ಅಷ್ಟು ಹೊತ್ತು ಕಾಯುತ್ತಾರೆ. ಕಾರ್ಡ್ ಮಾತ್ರ ತಾನಾಗಿ ಬರುವ ಕಡೆಗೆ.

ಎಲ್ಲಿ ಬರಬೇಕು? ಇದಕ್ಕೇ ಹೆಚ್ಚು ಜಗಳ ಆಡಿದ್ದು. ದರ ನೋಡಿದ ಕೂಡಲೇ ಕೇಳೋಣ, ಕೆಲಸ ಆಯ್ತಲ್ಲ ಅಂದ ಒಬ್ಬ. ಆದರೆ ದರ ನೋಡಿದಾಗ ರೈತರ ಕೆಲಸ ಮುಗಿಯೋದಿಲ್ಲ, ಚೌಕಾಸಿ ಆಗ ಶುರು. ಯಜಮಾನರ ಅಂಗಳ ನೆನಪು ಮಾಡಿಕೊಂಡೆವು. ಕೊನೆಗೆ ಮಾರಾಟದ ಲೆಕ್ಕ ಬರೆದು ಉಳಿಸಿದ ಮೇಲೆ ಅಂತ ಗೊತ್ತು ಮಾಡಿದೆವು. ಚೀಲ ಎಷ್ಟು, ತೂಕ ಎಷ್ಟು, ದುಡ್ಡು ಎಷ್ಟು ಅಂತ ಬರೆದು, ಮೊತ್ತ ನೋಡಿ, ಮೊದಲ ಪುಟಕ್ಕೆ ಮರಳುತ್ತಾರಲ್ಲ, ಅಲ್ಲಿ. ವ್ಯಾಪಾರಿ ಹೋಗಿರುತ್ತಾನೆ, ಕೈಯೂ ಬಿಡುವಾಗಿರುತ್ತದೆ. ಲೆಕ್ಕ ಬರೆಯದವರೇ ಜಾಸ್ತಿ, ಅವರಿಗೆ ಸಂಜೆ ಹೊತ್ತು ವಾರದ ದರಪಟ್ಟಿ ನೋಡಿ ಹಿಂದೆ ಬಂದಾಗ.

ಅಲ್ಲೂ ಎಲ್ಲರಿಗೂ ಕೇಳುವುದಿಲ್ಲ. ಆ್ಯಪ್ ಹಾಕಿಕೊಂಡು ಎರಡು ವಾರ ಆಗಿರಬೇಕು, ಬೇರೆ ಬೇರೆ ದಿನ ಎಂಟು ಸಲವಾದರೂ ತೆರೆದಿರಬೇಕು. ಅವತ್ತು ದರ ಬಾರದೆ ಸುತ್ತುತ್ತಾ ಕೂತಿದ್ದರೆ ಅವತ್ತು ಕೇಳುವಂತಿಲ್ಲ. ಒಮ್ಮೆ ಕೇಳಿದರೆ ನಾಲ್ಕು ತಿಂಗಳು ಸುಮ್ಮನಿರಬೇಕು. ಆಪಲ್ ಫೋನಿನಲ್ಲಿ ಒಂದು ಆ್ಯಪ್ 365 ದಿನದಲ್ಲಿ ಹೆಚ್ಚೆಂದರೆ ಮೂರು ಸಲ ಮಾತ್ರ ಕೇಳಬಹುದು. ನಮ್ಮದು ಆಂಡ್ರಾಯ್ಡ್, ಆದರೂ ಆ ಅಳತೆ ನಮಗೆ ಸರಿ ಕಂಡಿತು.

ಒಳ್ಳೇ ಹೊತ್ತು ನೋಡಿ ಕೇಳೋದೂ ಆರಿಸಿ ಕೇಳಿದಂತೆಯೇ ಅಲ್ಲವಾ ಅಂತ ನಮ್ಮಲ್ಲೇ ಒಬ್ಬ ಚುಚ್ಚಿದ. ಸ್ವಲ್ಪ ಹೌದು. ಆದರೆ ಸಿಟ್ಟಿದ್ದವರನ್ನು ನಾವು ತಡೆಯುತ್ತಿಲ್ಲ. ಕಾರ್ಡ್ ಬಂದವರು ಒಂದು ಸ್ಟಾರೂ ಕೊಡಬಹುದು. ದೂರು ಹೇಳೋಕೆ ನಮ್ಮ ವಾಟ್ಸ್‌ಆ್ಯಪ್ ನಂಬರ್ ಮೊದಲ ಪುಟದಲ್ಲೇ ಇದೆ, ಅದಕ್ಕೂ ಸ್ಟಾರಿಗೂ ಗಂಟು ಹಾಕಿಲ್ಲ.

ಸ್ಟಾರ್ ಕೊಡುವವರಿಗೂ ಒಂದು ಮಾತು. ಅಲ್ಲಿ ಬರೆದದ್ದನ್ನು ಎಲ್ಲರೂ ಓದಬಹುದು, ನಿಮ್ಮ ಗೂಗಲ್ ಖಾತೆಯ ಹೆಸರೂ ಅಲ್ಲಿ ಕಾಣುತ್ತದೆ. ನಮ್ಮ ಕಡೆ ಎಷ್ಟೋ ಜನರ ಖಾತೆ ಮಾಡಿಕೊಟ್ಟವನು ಮೊಬೈಲ್ ಅಂಗಡಿ ಹುಡುಗ. ಅದರಲ್ಲಿ ಯಾವ ಹೆಸರಿದೆ ಅಂತ ಒಮ್ಮೆ ನೋಡಿಕೊಳ್ಳಿ. ಒಂದು ಖಾತೆಗೆ ಒಂದೇ ರೇಟಿಂಗ್, ಆದರೆ ಮನಸ್ಸು ಬದಲಾದರೆ ತಿದ್ದಬಹುದು.

ಆರು ಒಂಟಿ ಸ್ಟಾರಿಗೂ ಪ್ಲೇ ಕನ್ಸೋಲಿನಿಂದ ಉತ್ತರ ಬರೆದೆವು. ಅಲ್ಲಿ 350 ಅಕ್ಷರ ಮೀರುವಂತಿಲ್ಲ, ಹಾಗಾಗಿ ಸಮಜಾಯಿಷಿ ಬಿಟ್ಟು ‘ಪೆಟ್ಟಿಗೆ ತೆಗೆದಿದ್ದೇವೆ, ಈಗ ಆ್ಯಪ್ ತೆರೆದರೆ ನೇರ ದರ ಬರುತ್ತದೆ’ ಅಂತಷ್ಟೇ ಬರೆದೆವು. ಇಬ್ಬರು ತಿದ್ದಿದರು. ಕಾರ್ಡ್ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ನಮಗಿರುವುದು ಒಂದೇ ದಾರಿ: ಕನ್ಸೋಲಿನಲ್ಲಿ ಯಾವ ದಿನ ಎಷ್ಟು ರೇಟಿಂಗ್ ಬಂತು ಅಂತ ನೋಡಿ, ಹೊಸ ಆವೃತ್ತಿ ಬಿಟ್ಟ ದಿನದ ಜೊತೆ ಹೋಲಿಸುವುದು. ಮೊದಲು ಹಗಲು ಹನ್ನೊಂದಕ್ಕೇ ಬೈಗುಳ ಬರುತ್ತಿದ್ದವು. ಈಗ ಫೋನ್ ಬರುವುದು ದರ ತಡವಾದಾಗ ಮಾತ್ರ.

ಯಜಮಾನರಿಗೆ ಮೊನ್ನೆ ಫೋನ್ ಮಾಡಿ, ಕಾರ್ಡ್ ಬಂತಾ ಅಂತ ಕೇಳಿದೆವು. ‘ಎಂಥ ಕಾರ್ಡು?’ ಅಂದರು.