ಏರಿದ ತೂಕ, ಮುಟ್ಟದ ಗುರಿ

ಜತ್ತ ತಾಲ್ಲೂಕಿನಲ್ಲಿ ನಾನು ದಾದಿಯಾಗಿದ್ದ ಕಾಲದ ಮಾತಿದು. ತೀವ್ರ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿ ಮನೆಗೆ ಮರಳಿದ್ದ 14 ತಿಂಗಳ ಹೆಣ್ಣುಮಗುವಿನ ಕಡತದಲ್ಲಿ ವಾರದ ಭೇಟಿಯಂದು ನಾನೇ ಬರೆದಿದ್ದೆ: ‘ತೂಕ ಏರಿದೆ, ಊಟ ಪರವಾಗಿಲ್ಲ.’ ಮಗು ಮಾತ್ರ ಸೊರಗಿಯೇ ಇತ್ತು.

ಒಂದು ಸಂಜೆ ಆ ಟಿಪ್ಪಣಿಗಳನ್ನು ಕೋಷ್ಟಕಕ್ಕಿಳಿಸಿದೆ: ದಿನಾಂಕ, ತೂಕ, ಗುರಿ, ಪಕ್ಕದಲ್ಲಿ ಉಣಿಸಿದ ಹೊತ್ತು, ತಿಂದ ಪ್ರಮಾಣ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಏರಿದರೆ ಅದು ಸಾಲದು. 6 ಕಿಲೋ ತೂಗುವ ಮಗುವಿಗೆ ಆ ಲೆಕ್ಕ ವಾರಕ್ಕೆ 210 ಗ್ರಾಂ. ಏರಿದ್ದು 140 ಗ್ರಾಂ. ‘ಏರಿದೆ’ ಎಂಬ ನನ್ನ ಮಾತು ಸುಳ್ಳಲ್ಲ. ಆದರೆ ಕೊರತೆಯನ್ನು ಮುಚ್ಚಿತ್ತು.

ಉಣಿಸಿನ ಅಂಕಣ ತುಂಬಲು ತಾಯಿಯನ್ನು ಕೇಳಿದೆ. ಹಗಲು ಮೂರು ಸಲ. ಸಂಜೆಯ ನಂತರದ ಮನೆಗಳೆಲ್ಲ ಖಾಲಿ. “ನಾ ಕೂಲಿಯಿಂದ ಬರೂದ್ರಾಗ ಮಲಗಿರ್ತೈತ್ರಿ, ಅಕ್ಕಾರ” ಎಂದಳು. ನಸುಕಿನಲ್ಲಿ ಒಮ್ಮೆ, ರಾತ್ರಿ ಎಬ್ಬಿಸಿ ಒಮ್ಮೆ ಎಂದು ಐದು ಹೊತ್ತು ಗೊತ್ತುಮಾಡಿದೆವು.

ಮುಂದಿನ ವಾರ ಅದೇ ತಕ್ಕಡಿಯಲ್ಲಿ, ಬಟ್ಟೆ ಕಳಚಿ ತೂಗಿದೆ: 230 ಗ್ರಾಂ ಏರಿತ್ತು. ಬಾವಿನ ನೀರೂ ತೂಕವಾದೀತೆಂದು ಪಾದ ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. ಆಮೇಲೆಯೇ ಹೊಸ ತೂಕಕ್ಕೆ ಹೊಸ ಗುರಿ ಬರೆದೆ.