ಗೈಡ್ ಬದಲಿಸಿ ಎಂದು ಬರೆದ ಆ ಒಂದು ಪುಟ

ನಾನು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಕೆಲಸ ಉಳಿಯುತ್ತೋ ಇಲ್ಲವೋ ಎಂಬ ಚಿಂತೆಯಲ್ಲೇ 2023ರಲ್ಲಿ ಅರೆಕಾಲಿಕ ಪಿಎಚ್.ಡಿಗೆ ಸೇರಿದೆ. ವಿಷಯ ಮಹಿಳಾ ಸ್ವಸಹಾಯ ಸಂಘಗಳ ಸಾಲ. ಗೈಡ್ ಆಗಿ ಸಿಕ್ಕವರು ಎಂ.ಕಾಂನಲ್ಲಿ ನನಗೆ ಪಾಠ ಮಾಡಿದ್ದ ಮೇಷ್ಟ್ರೇ. ಅವತ್ತು ಮನೆಯಲ್ಲಿ ಪಾಯಸ ಮಾಡಿದ್ದೆವು.

2024ರ ಜೂನ್ 12ರಂದು ಎರಡನೇ ಅಧ್ಯಾಯ ಕಳಿಸಿದೆ. ಉತ್ತರ ಬರಲಿಲ್ಲ. ಡಿಸೆಂಬರ್‌ವರೆಗೆ ಒಟ್ಟು ಐದು ಮೇಲ್ ಹಾಕಿದೆ, ಮೂರು ಸಲ ಚೇಂಬರ್‌ಗೆ ಹೋದೆ. "ನೋಡ್ತೀನಮ್ಮ" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ತೊಂದರೆ ಅಧ್ಯಾಯಕ್ಕಷ್ಟೇ ನಿಲ್ಲಲಿಲ್ಲ. ಯುಜಿಸಿಯ 2022ರ ನಿಯಮದಂತೆ ಪ್ರತಿ ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ಆ ಸಮಿತಿಯ ಸಂಚಾಲಕರು ಗೈಡೇ. ಅವರು ಸಭೆ ಕರೆಯದಿದ್ದರೆ ನಾನು ಮಾಡಿದ ಕೆಲಸ ಕಾಗದದ ಮೇಲೆ ಇಲ್ಲವೇ ಇಲ್ಲ. ಹೀಗೆ ಎರಡು ಸೆಮಿಸ್ಟರ್ ಖಾಲಿ ಹೋದವು.

ಜನವರಿಯ ಒಂದು ರಾತ್ರಿ ಸಿಟ್ಟಿನಲ್ಲಿ ಮೂರು ಪುಟದ ಪತ್ರ ಬರೆದೆ. ನಿರ್ಲಕ್ಷ್ಯ, ಬೇಜವಾಬ್ದಾರಿ, ವಾಟ್ಸ್ಆ್ಯಪ್‌ನ ನೀಲಿ ಟಿಕ್, ಎಲ್ಲ ಅದರಲ್ಲಿತ್ತು. ನಮ್ಮ ಕಾಲೇಜಿನ ಹಿರಿಯ ಮೇಡಂ ಓದಿ ಕೇಳಿದರು: "ಇದು ಅರ್ಜಿನೋ ಜಗಳನೋ? ಅವರ ಮನಸ್ಸಲ್ಲಿ ಏನಿತ್ತು ಅಂತ ನಿನಗೆ ಗೊತ್ತಾ? ಏನಾಯ್ತು, ಅದರಿಂದ ಏನು ತಪ್ಪಿಹೋಯ್ತು, ನಿನಗೇನು ಬೇಕು, ಮೂರೇ ಬರಿ."

ಫೋನ್ ಎತ್ತಲಿಲ್ಲ ಎಂಬುದಕ್ಕೆ ನನ್ನ ಬಳಿ ದಾಖಲೆಯಿರಲಿಲ್ಲ, ಅದು ಹೋಯಿತು. ನೀಲಿ ಟಿಕ್ ಕೂಡ ಹೋಯಿತು. ಐದು ಮೇಲ್‌ಗಳ ಪ್ರಿಂಟ್ ಉಳಿಯಿತು. ಕೊನೆಗೆ ಉಳಿದ ಪತ್ರದ ಮುಖ್ಯ ಭಾಗ ಇಷ್ಟೇ:

"ವಿಷಯ: ಸಂಶೋಧನಾ ಮಾರ್ಗದರ್ಶಕರ ಬದಲಾವಣೆ ಕೋರಿ.

ಮಾನ್ಯರೇ, ನಾನು 12-06-2024ರಂದು ಎರಡನೇ ಅಧ್ಯಾಯ ಸಲ್ಲಿಸಿದ್ದು, ಜುಲೈ 15, ಆಗಸ್ಟ್ 20, ಅಕ್ಟೋಬರ್ 4 ಮತ್ತು ಡಿಸೆಂಬರ್ 2ರಂದು ನೆನಪಿಸಿದ್ದೇನೆ. ಇದುವರೆಗೆ ಲಿಖಿತ ಸಲಹೆ ದೊರೆತಿಲ್ಲ. ಸಲಹಾ ಸಮಿತಿಯ ಎರಡು ಸಭೆಗಳು ನಡೆಯದ ಕಾರಣ ಪ್ರಗತಿ ವರದಿ ಸಲ್ಲಿಸಲಾಗಿಲ್ಲ. ಮಾರ್ಗದರ್ಶಕರಿಗೆ ಇತರ ಹೊಣೆಗಳಿಂದ ಸಮಯದ ಅಭಾವ ಇರಬಹುದೆಂದು ಭಾವಿಸುತ್ತೇನೆ. ಅವರಿಂದ ಕಲಿತದ್ದಕ್ಕೆ ಕೃತಜ್ಞಳಾಗಿದ್ದೇನೆ. ನನ್ನ ನೋಂದಣಿ ದಿನಾಂಕ ಮತ್ತು ಸಂಶೋಧನಾ ವಿಷಯವನ್ನು ಹಾಗೆಯೇ ಉಳಿಸಿ, ಒಪ್ಪಿಗೆ ನೀಡಿರುವ ಬೇರೊಬ್ಬ ಮಾರ್ಗದರ್ಶಕರನ್ನು ನೇಮಿಸಬೇಕೆಂದು ಕೋರುತ್ತೇನೆ."

ಆ ಕೊನೆಯ ಸಾಲಿನ ಹಿಂದೆ ಹದಿನೈದು ದಿನದ ಓಡಾಟ ಇತ್ತು. "ಬೇರೆ ಯಾರನ್ನಾದರೂ ಕೊಡಿ" ಎಂದು ಬರೆದರೆ ಕಡತ ಮೇಜಿನ ಮೇಲೇ ಕೂರುತ್ತೆ. ಸಹಾಯಕ ಪ್ರಾಧ್ಯಾಪಕರು ನಾಲ್ವರಿಗೆ, ಸಹ ಪ್ರಾಧ್ಯಾಪಕರು ಆರು ಜನಕ್ಕೆ, ಪ್ರಾಧ್ಯಾಪಕರು ಎಂಟು ಜನಕ್ಕೆ ಮಾತ್ರ ಒಂದೇ ವೇಳೆ ಮಾರ್ಗದರ್ಶನ ಮಾಡಬಹುದು. ನಾನು ಮೊದಲು ಕೇಳಿದ ಸಹ ಪ್ರಾಧ್ಯಾಪಕರ ಬಳಿ ಆರೂ ಸ್ಥಾನ ತುಂಬಿದ್ದವು. ಎರಡನೆಯವರ ಬಳಿ ಒಂದು ಖಾಲಿ ಇತ್ತು. ಅವರ ಒಪ್ಪಿಗೆ ಪತ್ರವನ್ನೂ ಅರ್ಜಿಗೆ ಲಗತ್ತಿಸಿದೆ. ನೋಂದಣಿ ದಿನಾಂಕದ ಮಾತನ್ನು ಸೇರಿಸಿದ್ದು ಮೇಡಂ. ಅದು ಹೊಸದಾದರೆ ಕಳೆದ ಕಾಲವೆಲ್ಲ ನೀರಲ್ಲಿ ಹೋಮ.

ಅರ್ಜಿ ಕುಲಸಚಿವರ ಹೆಸರಿಗೆ, ಆದರೆ ವಿಭಾಗದ ಮುಖ್ಯಸ್ಥರ ಮೂಲಕ. ನೇರವಾಗಿ ಕೊಟ್ಟಿದ್ದಕ್ಕೆ ಮೊದಲ ಸಲ ವಾಪಸ್ ಬಂತು. ಎರಡನೇ ಸಲ ಟಪಾಲು ವಿಭಾಗದಲ್ಲಿ ಇನ್ನೊಂದು ಪ್ರತಿಯ ಮೇಲೆ ಸೀಲು, ಸಂಖ್ಯೆ, ದಿನಾಂಕ ಹಾಕಿಸಿಕೊಂಡೆ. ಮುಂದೆ ವಿಚಾರಿಸಲು ಹೋದಾಗಲೆಲ್ಲ ಕೆಲಸಕ್ಕೆ ಬಂದದ್ದು ಆ ಸಂಖ್ಯೆ.

ಕೊಡುವ ಹಿಂದಿನ ದಿನ ಮೇಷ್ಟ್ರ ಬಳಿ ಹೋದೆ. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು ಅನ್ನಿಸಿತ್ತು. ಕೈ ನಡುಗುತ್ತಿತ್ತು. ಪತ್ರವನ್ನು ಎರಡು ಸಲ ಓದಿದರು. ಮೂರು ಪುಟದ ಮೊದಲ ಪತ್ರವೇ ಅವರ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಎದೆ ಝಲ್ ಎನ್ನುತ್ತೆ.

"ಪರೀಕ್ಷಾ ಕೆಲಸ ಎಲ್ಲ ನನ್ನ ತಲೆ ಮೇಲೆ ಬಿದ್ದಿದೆ. ನಾನೇ ಹೇಳಬೇಕಿತ್ತಮ್ಮ" ಅಂದರು. ಅಭ್ಯಂತರವಿಲ್ಲ ಎಂದು ಒಂದು ಸಾಲು ಬರೆದು ಸಹಿ ಹಾಕಿದರು.

ಎರಡು ತಿಂಗಳ ಬಳಿಕ ಆದೇಶ ಬಂತು. ನೋಂದಣಿ ದಿನಾಂಕ, ವಿಷಯ ಎರಡೂ ಉಳಿದವು. ಹೊಸ ಗೈಡ್ ಅಧ್ಯಾಯವನ್ನು ಹನ್ನೊಂದನೇ ದಿನಕ್ಕೆ ವಾಪಸ್ ಕೊಟ್ಟರು, ಪುಟದ ತುಂಬ ಕೆಂಪು ಗೆರೆ. ಸಮೀಕ್ಷೆಗೆ ಆರಿಸಿದ್ದ ಸಂಘಗಳಲ್ಲಿ ಅರ್ಧದಷ್ಟನ್ನು ಬದಲಿಸಬೇಕಂತೆ. ಏಳು ತಿಂಗಳ ಹಿಂದೆಯೇ ಯಾರಾದರೂ ಹೇಳಿದ್ದರೆ ಆ ಊರುಗಳ ಬಸ್ ಚಾರ್ಜ್ ಉಳಿಯುತ್ತಿತ್ತು. ಆದರೂ ಆ ಕೆಂಪು ಗೆರೆಗಳನ್ನು ನೋಡಿ ಅವತ್ತು ಮನೆಯಲ್ಲಿ ಮತ್ತೆ ಪಾಯಸ ಮಾಡಿದೆವು.