ಅರ್ಧ ಬರೆದ ಬೇಡಿಕೆ

ಉಚ್ಚಿಲದ ಮನೆಗಳಿಂದ ಗಲ್ಫ್‌ಗೆ ಹೋದವರು ಧರ್ಮಗುರುಗಳಿಗೆ ಬರೆಯುವ ಸಂದೇಶಗಳು ಅನೇಕ ವೇಳೆ ಅರ್ಧದಲ್ಲೇ ನಿಲ್ಲುತ್ತವೆ. "ಫಾದರ್, ಮಗಳ ದೀಕ್ಷಾಸ್ನಾನದ ಪತ್ರ ಬೇಕಿತ್ತು." ಯಾವ ಕಾರ್ಯಕ್ಕೆಂದು ಬರೆದಿರುವುದಿಲ್ಲ.

ಮಗಳಿಗೆ ಆರು ವರ್ಷವೆಂದು ದಾಖಲೆ ಪುಸ್ತಕ ಹೇಳಿದರೆ, ಶಾಲೆಗಿರಬೇಕೆಂದು ಊಹಿಸಿ ಬರೆದುಕೊಡುತ್ತೇನೆ. ಊಹೆ ತಪ್ಪಿದರೂ ನಷ್ಟ ಒಂದು ಹಾಳೆ ಮಾತ್ರ. ಇಪ್ಪತ್ತೈದರ ಯುವತಿಯಾದರೆ ಕೇಳದೆ ಬರೆಯುವುದಿಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 535ನೆಯ ವಿಧಿಯಂತೆ ದೃಢೀಕರಣ, ವಿವಾಹ ಮೊದಲಾದವು ದೀಕ್ಷಾಸ್ನಾನದ ಪುಸ್ತಕದಲ್ಲೇ ನಮೂದಾಗುತ್ತವೆ. ವಿವಾಹಕ್ಕಾಗಿ ಕೊಡುವ ಪತ್ರದಲ್ಲಿ ಆ ಟಿಪ್ಪಣಿಗಳೂ ಇರಬೇಕು. ಅದು ಆರು ತಿಂಗಳೊಳಗೆ ಬರೆದದ್ದಾಗಿರಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಹಳೆಯ ಪತ್ರವು ಆಮೇಲೆ ನಡೆದ ವಿವಾಹವನ್ನು ತಿಳಿಸಲಾರದಷ್ಟೆ. ಅವಸರದಿಂದ ಕಳುಹಿಸಿದ ಪತ್ರ ಮದುವೆಯ ಹೊತ್ತಿಗೆ ಹಳತಾದರೆ, ಅಲ್ಲಿಯ ಗುರುಗಳು ಹೊಸದನ್ನು ಕೇಳುತ್ತಾರೆ.

"ಏಕೆ ಬೇಕು?" ಎಂದು ಬರೆದರೆ ಕಚೇರಿಯ ವಿಚಾರಣೆಯಂತೆ ತೋರುತ್ತದೆ. "ಮದುವೆಗೋ, ಬೇರೆ ಕಾರ್ಯಕ್ಕೋ? ಮದುವೆಗಾದರೆ ಯಾವ ತಿಂಗಳು?" ಎಂದು ಕೇಳುತ್ತೇನೆ. ಉತ್ತರ ಒಂದೇ ಸಾಲಿನಲ್ಲಿ ಬರುತ್ತದೆ. (ಕೆಲವೊಮ್ಮೆ ಜೊತೆಗೆ ವರನ ವಿವರವೂ!)

ಆದರೆ "ಫಾದರ್, ಅಜ್ಜನಿಗೆ ತುಂಬಾ ಜೋರು, ನೀವು" ಎಂದು ನಿಂತುಹೋದ ಸಂದೇಶಕ್ಕೆ ಮರುಪ್ರಶ್ನೆಯಿಲ್ಲ. ಪವಿತ್ರ ತೈಲವನ್ನೂ ಪರಮಪ್ರಸಾದವನ್ನೂ ತೆಗೆದುಕೊಂಡು ಹೊರಟೇಬಿಡುತ್ತೇನೆ. ಅಜ್ಜ ಮಂಚದಲ್ಲಿ ಕುಳಿತು ಗಂಜಿ ಉಣ್ಣುತ್ತಿದ್ದರೆ ತೈಲ ಕಿಸೆಯಲ್ಲೇ ಉಳಿಯುತ್ತದೆ. ನಾನೂ ಸ್ವಲ್ಪ ಹೊತ್ತು ಕುಳಿತು ಮಾತಾಡಿ ಬರುತ್ತೇನೆ.